ಸುರೇಂದ್ರ ಬರೆದ ಹಿನ್ನೆಲೆ

ಬಣಕಲ್‌ನ ಸುರೇಂದ್ರ ಹುಲಿಗೆ ಹೆದರುವವನಲ್ಲ, ಕಾಗದಕ್ಕೆ ಹೆದರುತ್ತಾನೆ. ಇಪ್ಪತ್ತೈದು ವರ್ಷದಿಂದ ಎಸ್ಟೇಟುಗಳ ಪಲ್ಪರ್ ರಿಪೇರಿ ಮಾಡುತ್ತಿರುವ ಮೆಕ್ಯಾನಿಕ್ ಅವನು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಆ ಯಂತ್ರ ಹೇಗೆ ಕೆಟ್ಟಿದೆಯೆಂದು ಸದ್ದು ಕೇಳಿಯೇ ಹೇಳಬಲ್ಲ. ಆದರೆ ಆ ದಿನ ಚಿಕ್ಕಮಗಳೂರಿನಲ್ಲಿ, ಪೇಟೆಂಟ್ ಏಜೆಂಟ್ ಭಾವನಾ ಅವರ ಆಫೀಸಿನಲ್ಲಿ, ಅವನು ಕುರ್ಚಿಯ ತುದಿಗೆ ಕುಳಿತಿದ್ದ.

ಹೆದರಿಕೆಗೆ ಕಾರಣವಿತ್ತು. ಅವನು ಹೊಸ ಬಗೆಯ ಪಲ್ಪರ್ ಮಾಡಿದ್ದ. ಒಂದು ವರ್ಷದ ಹಿಂದೆ, ಪರಿಚಯದ ಕಾಲೇಜು ಮೇಷ್ಟ್ರ ಕೈಯಲ್ಲಿ ಇಂಗ್ಲಿಷಿಗೆ ಇಳಿಸಿ, ತಾತ್ಕಾಲಿಕ ಪೇಟೆಂಟ್ ಅರ್ಜಿಯೊಂದನ್ನು ತಾನೇ ಹಾಕಿದ್ದ. ಹನ್ನೆರಡು ತಿಂಗಳೊಳಗೆ ಪೂರ್ಣ ಅರ್ಜಿ ಹಾಕಬೇಕು. ಆ ದಿನವೇ ಅದಕ್ಕೆ ಕೊನೆಯ ದಿನ. ತಪ್ಪಿದರೆ ಒಂದು ವರ್ಷ ಮೊದಲೇ ಅರ್ಜಿ ಹಾಕಿದವನೆಂಬ ಆ ಹಳೆಯ ತಾರೀಖಿನ ಹಕ್ಕು ಹೋಗುತ್ತದೆ. ಈ ನಡುವೆ ಎರಡು ಎಸ್ಟೇಟಿನಲ್ಲಿ ಯಂತ್ರ ಓಡಿಸಿ ಎಲ್ಲರಿಗೂ ತೋರಿಸಿಬಿಟ್ಟಿದ್ದ. ಇನ್ನು ಹೊಸದಾಗಿ ಅರ್ಜಿ ಹಾಕಿದರೆ, ಯಂತ್ರ ಈಗ ಹೊಸದಲ್ಲವೆಂದು ಅವನು ತೋರಿಸಿದ್ದೇ ಅವನಿಗೆ ಅಡ್ಡ ಬರುವುದು.

ಭಾವನಾ ಆ ತಾತ್ಕಾಲಿಕ ಅರ್ಜಿಯಲ್ಲಿ ಹಿಂದಿನ ಯಂತ್ರಗಳ ಬಗ್ಗೆ ಹೇಳುವ ‘ಹಿನ್ನೆಲೆ’ಯ ಭಾಗ ಓದಿ ಪೆನ್ನು ಕೆಳಗಿಟ್ಟರು.

“ಸುರೇಂದ್ರಣ್ಣ, ಇದೇನಿದು? ‘ಗುರುವಯ್ಯನ ಪಲ್ಪರ್ ಕೆಲಸಕ್ಕೆ ಬಾರದ್ದು. ಅದರ ಸ್ಪ್ರಿಂಗು ಶುದ್ಧ ದಂಡ. ಕೆಲಸ ಗೊತ್ತಿಲ್ಲದವರು ಮಾಡಿದ್ದು.’ ಹೀಗೆ ಬರೀತಾರಾ?”

“ನಮ್ಮಲ್ಲಿ ಹಾಗೇ ಅಲ್ವಾ ಮೇಡಂ?”

ನಿಜ, ನಮ್ಮ ಕಡೆ ಮೆಕ್ಯಾನಿಕ್ಕುಗಳ ಶಾಸ್ತ್ರವೇ ಅದು. ಯಂತ್ರದ ಮುಚ್ಚಳ ತೆಗೆದ ಕೂಡಲೇ “ಯಾರು ಮಾರಾಯ್ರೇ ಇದನ್ನ ಮುಟ್ಟಿದ್ದು?” ಎಂದು ತಲೆ ಚಚ್ಚಿಕೊಳ್ಳಬೇಕು. ಹಿಂದಿನವನನ್ನು ಬೈಯದಿದ್ದರೆ ಇವನಿಗೆ ಕೆಲಸ ಬರುವುದಿಲ್ಲವೆಂದು ಸಾಹುಕಾರರು ತಿಳಿಯುತ್ತಾರೆ. ಸುರೇಂದ್ರ ಅದೇ ಚಾಳಿಯನ್ನು ಅರ್ಜಿಗೂ ತಂದಿದ್ದ. ಬೈದಿದ್ದು ತನಗೆ ಕೆಲಸ ಕಲಿಸಿದ ಗುರುವಯ್ಯನವರನ್ನೇ.

“ಅರ್ಜಿಯಲ್ಲಿ ಬೇರೆಯವರ ಕೆಲಸವನ್ನ ಹೀಯಾಳಿಸಬಾರದು,” ಎಂದರು ಭಾವನಾ. “ಸಮಸ್ಯೆ ಏನು ಅಂತಷ್ಟೇ ಹೇಳಿ. ಅದೂ ಅಲ್ಲದೆ, ನಿಮ್ಮ ಯಂತ್ರದಲ್ಲೂ ಸ್ಪ್ರಿಂಗ್ ಇದೆಯಲ್ಲ?”

“ನಾಲ್ಕಿವೆ.”

“ಸ್ಪ್ರಿಂಗೇ ದಂಡ ಅಂತ ನೀವೇ ಬರೆದ್ರೆ, ನಾಳೆ ನಿಮ್ಮ ಯಂತ್ರ ನಕಲು ಮಾಡಿದವನು ಅದನ್ನೇ ಹಿಡ್ಕೊಂಡು ನಿಮ್ಮೆದುರು ವಾದ ಮಾಡ್ತಾನೆ.”

ಸುರೇಂದ್ರ ಗೋಡೆಯತ್ತ ನೋಡಿದ. ಗಡಿಯಾರ ಮೂರು ತೋರಿಸುತ್ತಿತ್ತು.

“ಬೈಗುಳ ಬಿಟ್ಟು ಹೇಳಿ. ಗುರುವಯ್ಯನವ್ರ ಪಲ್ಪರ್ ಯಾವಾಗ ಸರಿಯಾಗಿ ಓಡುತ್ತೆ?”

ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ. ಕೈಯಲ್ಲೇ ಯಂತ್ರ ತೋರಿಸುತ್ತ ಹೇಳಿದ. “ಹಣ್ಣು ಒಂದೇ ಸೈಜಿದ್ರೆ ಚೊಕ್ಕವಾಗಿ ಓಡುತ್ತೆ. ದಪ್ಪ ಸಣ್ಣ ಬೆರೆತ್ರೆ ಮಾತ್ರ ಕಷ್ಟ. ತಿರುಗೋ ಡ್ರಮ್ಮಿನ ಎದುರು ಹಣ್ಣು ಒತ್ತೋಕೆ ಸ್ಪ್ರಿಂಗಿನ ಮೇಲೆ ಇರೋದು ಒಂದೇ ತಟ್ಟೆ. ದಪ್ಪ ಹಣ್ಣೊಂದು ಬಂದ್ರೆ ಪೂರ್ತಿ ತಟ್ಟೆ ಹಿಂದೆ ಸರಿಯುತ್ತೆ. ಪಕ್ಕದ ಸಣ್ಣವು ಸುಲಿಯದೆ ಜಾರ್ತವೆ. ನಾನು ತಟ್ಟೆನ ನಾಲ್ಕು ತುಂಡು ಮಾಡಿ, ಒಂದೊಂದಕ್ಕೂ ಬೇರೆ ಸ್ಪ್ರಿಂಗ್ ಕೊಟ್ಟೆ.”

ಭಾವನಾ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಕನ್ನಡದಲ್ಲಿ ಓದಿ ಹೇಳಿದರು: “ಹಣ್ಣುಗಳು ಒಂದೇ ಗಾತ್ರದಲ್ಲಿರುವಾಗ ಹಿಂದಿನ ಯಂತ್ರ ತೃಪ್ತಿಕರವಾಗಿ ಕೆಲಸ ಮಾಡುತ್ತದೆ. ಗಾತ್ರ ಬೆರೆತಿರುವಾಗ ದಪ್ಪ ಹಣ್ಣು ಇಡೀ ತಟ್ಟೆಯನ್ನು ಹಿಂದೆ ತಳ್ಳುವುದರಿಂದ ಕೆಲವು ಸಣ್ಣ ಹಣ್ಣುಗಳು ಸುಲಿಯದೆ ಉಳಿಯಬಹುದು.” ಗುರುವಯ್ಯನ ಹೆಸರಿನ ಜಾಗದಲ್ಲಿ ಅವರ ಹಳೆಯ ಪೇಟೆಂಟಿನ ನಂಬರು ಮಾತ್ರ ಇತ್ತು.

ನಾಲ್ಕೂವರೆಗೆ ಅರ್ಜಿ ಆನ್‌ಲೈನ್‌ನಲ್ಲಿ ಸಲ್ಲಿಕೆಯಾಯಿತು. ಸುರೇಂದ್ರ ಉಸಿರು ಬಿಟ್ಟ. ಎದ್ದು ಹೊರಡುವಾಗ ಸುಮ್ಮನೆ ಕೇಳಿದ, “ನಾನು ಮೊದಲು ಹಾಕಿದ ಅರ್ಜಿ ಹರಿದು ಹಾಕ್ತಾರಲ್ವಾ ಮೇಡಂ?”

“ಇಲ್ಲ. ನಮ್ಮ ತಾರೀಖು ನಿಂತಿರೋದೇ ಅದರ ಮೇಲೆ. ಇನ್ನು ಆರು ತಿಂಗಳಿಗೆ ಅರ್ಜಿ ಪ್ರಕಟವಾದಾಗ ಅದೂ ತೆರೆದುಕೊಳ್ಳುತ್ತೆ. ಯಾರು ಬೇಕಾದ್ರೂ ಓದಬಹುದು.”

ಅವನು ಮತ್ತೆ ಕುಳಿತುಬಿಟ್ಟ. ಎಪ್ಪತ್ತೆರಡು ದಾಟಿದ ಗುರುವಯ್ಯ ಅದನ್ನು ಯಾರದ್ದೋ ಮೊಬೈಲಿನಲ್ಲಿ ನೋಡುವುದು ಕಣ್ಣಿಗೆ ಕಟ್ಟಿತು. ಬೇರೆಯವರು ಹೇಳುವ ಮೊದಲು ತಾನೇ ಹೇಳಬೇಕು. ಹಾಗೆ ಅನ್ನಿಸಿದ್ದೂ ಹೆದರಿಕೆಯಿಂದಲೇ.

ಮರುದಿನ ಬೆಳಿಗ್ಗೆ ಮಲ್ಲಂದೂರಿಗೆ ಹೋದ. ಗುರುವಯ್ಯ ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದರು. ಸುರೇಂದ್ರ ನಿಂತುಕೊಂಡೇ ತಾನು ಬೈದು ಬರೆದ ಮೂರು ವಾಕ್ಯವನ್ನೂ ಭಾವನಾ ತಿದ್ದಿ ಬರೆದದ್ದನ್ನೂ ಓದಿದ.

ಮುದುಕರು ಅಂಗಳಕ್ಕೆ ಉಗುಳಿ ಬಂದು ಕುಳಿತರು.

“ಸಣ್ಣ ಹಣ್ಣು ಜಾರೋದು ನಿಜ ಮಾರಾಯ. ಅದು ನಂಗೂ ಗೊತ್ತಿತ್ತು,” ಎಂದರು. “ಆದ್ರೆ ಕೆಲಸ ಗೊತ್ತಿಲ್ಲದವ್ರು ಅಂತ ಬರ್ದಿದ್ದೀಯಲ್ಲ. ಆ ಸ್ಪ್ರಿಂಗ್ ಕೂರಿಸಿದ್ದು ನಾನಲ್ಲ. ಆ ಯಂತ್ರ ಮಾಡೋವಾಗ ನಂಗೆ ಕೈಗೆ ಪೆಟ್ಟಾಗಿತ್ತು. ಕೂರಿಸಿದ್ದು ಆಗಿನ್ನೂ ಕೆಲಸ ಕಲೀತಿದ್ದ ನೀನು. ಚೆನ್ನಾಗಿ ಕೂರಿಸಿದ್ದೀಯ ಅಂತ ಊರೆಲ್ಲ ಹೇಳ್ಕೊಂಡು ಬಂದಿದ್ದೆ.”