ಮೂರನೆಯ ಊಟದ ಲೆಕ್ಕ

“ಊಟ ಮೂರು ಅಂತ ಐತಲ್ಲಲೇ, ಮೂರನೇದು ಯಾರ್ದು?” ಎಂದು ಗೆಳೆಯ ಮಂಜ ಖಾನಾವಳಿಯ ಚೀಟಿ ಹಿಡಿದು ಕೇಳಿದಾಗ ನನ್ನ ಪೆನ್ನು ನಿಂತಿತು. ಮಾಗಳದ ಹೊಳೆಗೆ ಸ್ಕೂಟರಿನಲ್ಲಿ ಹೋಗಿದ್ದವರು ನಾವಿಬ್ಬರೇ.

ಕೊಟ್ಟೂರಿಗೆ ಮರಳಿ ಅವನ ಮನೆಯ ಕಟ್ಟೆಯ ಮೇಲೆ ಲೆಕ್ಕಕ್ಕೆ ಕೂತಿದ್ದೆವು. ಪೆಟ್ರೋಲಿಗೆ ನಲವತ್ತೆಂಟು, ಖಾನಾವಳಿಗೆ ಅರವತ್ತು, ಒಟ್ಟು ನೂರೆಂಟು ನನ್ನದು. ಹರಿಗೋಲಿನ ಮೂವತ್ತು ಅವನದು. ಒಟ್ಟು ನೂರಮೂವತ್ತೆಂಟು, ತಲೆಗೆ ಅರವತ್ತೊಂಬತ್ತು. ಅವನು ನನಗೆ ಮೂವತ್ತೊಂಬತ್ತು ಕೊಡಬೇಕು.

ಆದರೆ ಊಟಕ್ಕೆ ಇಪ್ಪತ್ತರಂತೆ ಇಬ್ಬರಿಗೆ ನಲವತ್ತೇ ಆಗಬೇಕು. ಖಾನಾವಳಿಯವನ ಚೀಟಿಯನ್ನು ಓದದೆಯೇ ನಾನು ದುಡ್ಡು ಎಣಿಸಿದ್ದೆ.

ಮಂಜ ದನಿ ತಗ್ಗಿಸಿದ. “ಹರಿಗೋಲಿಗೆ ಹೋಗಿಬರೋದು ತಲಿಗೆ ಹತ್ತು. ಅಂಬಿಗನೂ ಮೂರು ಮಂದಿದು ತಗೊಂಡ. ಸ್ಕೂಟರ್ ಹೇರಿದ್ದಕ್ಕ ಇರಬೇಕು ಅಂತ ಕೊಟ್ಟೆ.”

ಊಟದಲ್ಲಿ ಇಪ್ಪತ್ತು, ಹರಿಗೋಲಿನಲ್ಲಿ ಹತ್ತು. ಮೂವತ್ತು ರೂಪಾಯಿ ಹೆಚ್ಚಾಗಿತ್ತು.

ನಾವು ಲೆಕ್ಕ ಬರೆಯುತ್ತಿದ್ದ ಪುಸ್ತಕ ನಮ್ಮ ಮೂರನೇ ಗೆಳೆಯ ಕೊಟ್ರೇಶನದು. ಹಿಂದಿನ ವರ್ಷ ಮಾಗಳಕ್ಕೆ ಅವನೂ ಬಂದಿದ್ದ. ಆಮೇಲೆ ಕಾಮಾಲೆಯಿಂದ ತೀರಿಕೊಂಡ. ಮಂಜ ಹಾಳೆ ಹಿಂದಕ್ಕೆ ತಿರುವಿದ. ಆ ಪ್ರವಾಸದ ಲೆಕ್ಕದ ಕೆಳಗೆ ಕೊಟ್ರೇಶನ ಅಕ್ಷರವಿತ್ತು: ‘ಇಬ್ಬರೂ ಕೂಡಿ ನನಗೆ ಮೂವತ್ತು ಕೊಡಬೇಕು.’

ಅದನ್ನು ನಾವು ಕೊಟ್ಟಿರಲೇ ಇಲ್ಲ. ಈಗ ಆ ಮೂವತ್ತು, ತಲೆಗೆ ಹದಿನೈದರಂತೆ, ನಮ್ಮ ಅರವತ್ತೊಂಬತ್ತರಲ್ಲೇ ಸೇರಿಹೋಗಿತ್ತು. ಮಂಜ ಮೂವತ್ತೊಂಬತ್ತು ಕೊಟ್ಟ, ನಾನು ತೆಗೆದುಕೊಂಡೆ.

ಈಗ ಯಾರ ಬಾಕಿಯೂ ಉಳಿದಿಲ್ಲ. ಆದರೂ ಹೋಟೆಲಿನಲ್ಲಿ ಯಾರಾದರೂ “ಎಷ್ಟು ಮಂದಿ?” ಎಂದು ಕೇಳಿದರೆ, ಒಮ್ಮೆ ಹಿಂದೆ ತಿರುಗಿ ನೋಡಿಯೇ ಹೇಳುತ್ತೇನೆ.