ಕಾಲರ್ ಮಿಷಿನ್ ಬಿಟ್ಟುಕೊಟ್ಟ ವರ್ಷ

ಹನ್ನೊಂದು ವರ್ಷ ನಾನು ಕನಕಪುರದ ಹತ್ತಿರದ ಗಾರ್ಮೆಂಟ್ಸಿನಲ್ಲಿ ಶರ್ಟಿಗೆ ಕಾಲರ್ ಕೂರಿಸಿದೆ. ಒಂದೇ ಮಿಷಿನ್, ಕಿಟಕಿ ಪಕ್ಕದ್ದು. ಅದರ ಪೆಡಲು ನನ್ನ ಬಲಗಾಲು ಊರುವ ಕಡೆ ಸವೆದಿತ್ತು. ದೊಡ್ಡಆಲಹಳ್ಳಿಯಿಂದ ಬರುವ ಕಂಪನಿ ಬಸ್ಸಿನಲ್ಲಿ ಎಲ್ಲರೂ ನನ್ನನ್ನು ‘ಕಾಲರಕ್ಕ’ ಎನ್ನುತ್ತಿದ್ದರು. ಕಳೆದ ವರ್ಷ ನನ್ನನ್ನು ನಮ್ಮ ಮಿಷಿನ್ ಸಾಲಿಗೆ, ಅಂದರೆ ಲೈನಿಗೆ, ಸೂಪರ್‌ವೈಸರ್ ಮಾಡಿದರು. ಮಾರನೆಯ ದಿನ ಅದೇ ಬಸ್ಸಿನವರು ‘ಕೂತ್ಕೊಳಿ ಮೇಡಂ’ ಎಂದು ಎದ್ದು ಜಾಗ ಬಿಟ್ಟರು. ಆ ಜಾಗದಲ್ಲಿ ಕೂತು ಫ್ಯಾಕ್ಟರಿ ಗೇಟು ಬರುವ ತನಕ ಯಾರಾದರೂ ‘ಕಾಲರಕ್ಕ’ ಎಂದಾರೇ ಎಂದು ಕಾದೆ.

ನನ್ನ ಮಿಷಿನ್ನಿಗೆ ಮಾಗಡಿ ಕಡೆಯಿಂದ ಮದುವೆಯಾಗಿ ಬಂದ ಒಬ್ಬಳನ್ನು ಕೂರಿಸಿದರು. ಅವಳು ಅದುವರೆಗೆ ನೂಲು ಕತ್ತರಿಸುವ ಹೆಲ್ಪರ್ ಆಗಿದ್ದವಳು. ತಿಂಗಳೊಳಗೆ ಕಾಲರ್ ಕಲಿತರೆ ಟೈಲರ್, ಇಲ್ಲದಿದ್ದರೆ ಮತ್ತೆ ಹೆಲ್ಪರ್ ಎಂದು ಫ್ಲೋರ್ ಇನ್‌ಚಾರ್ಜ್ ಖಡಾಖಂಡಿತವಾಗಿ ಹೇಳಿದ್ದರು. ಕಲಿಸಬೇಕಾದವಳು ನಾನು.

ಕಲಿಸಿದೆನೇ? ಇಲ್ಲ. ಅವಳು ಕುತ್ತಿಗೆಯ ಬಟ್ಟೆಯನ್ನು ಎಳೆದೆಳೆದು ಹೊಲಿದು ಸುಕ್ಕು ತರುತ್ತಿದ್ದಳು. ಅವಳ ಮುಂದೆ ಶರ್ಟಿನ ಕಟ್ಟುಗಳು ಬೆಟ್ಟವಾಗುತ್ತಿದ್ದವು. ಗಂಟೆಗಂಟೆಗೂ ಬೋರ್ಡಿನಲ್ಲಿ ಪೀಸು ಎಷ್ಟೆಂದು ಬರೆಯುವ ಹೊತ್ತಿಗೆ ನನಗೆ ಕೈ ಕಡಿಯುತ್ತಿತ್ತು. ‘ಒಸಿ ಎದ್ದೇಳವ್ವ’ ಎಂದು ಎಬ್ಬಿಸಿ ನಾನೇ ಕೂತುಬಿಡುತ್ತಿದ್ದೆ. ಅರ್ಧ ಗಂಟೆಯಲ್ಲಿ ಬೆಟ್ಟ ಕರಗುತ್ತಿತ್ತು. ಅವಳು ಪಕ್ಕದಲ್ಲಿ ಕೈಕಟ್ಟಿ ನಿಂತಿರುತ್ತಿದ್ದಳು. ಲೈನಿಗಾಗಿ ಕೂತೆ ಎಂದು ಎಲ್ಲರ ಹತ್ತಿರ ಹೇಳುತ್ತಿದ್ದೆ. ಸುಳ್ಳು. ಆ ಸದ್ದು, ಸೂಜಿಯ ಕೆಳಗೆ ಬಟ್ಟೆ ಸರಿಯುವ ಆ ಹಿತ, ನನಗೆ ಬೇಕಾಗಿತ್ತು.

ಹಾಗೆ ಕೂತಿದ್ದ ಒಂದು ಬೆಳಗ್ಗೆ ಲೈನಿನಲ್ಲಿ ಮೀಡಿಯಂ ಸೈಜು ಮುಗಿದು ಲಾರ್ಜ್ ಶುರುವಾಯಿತು. ಸೈಜು ಬದಲಾದಾಗ ಜೇಬಿನ ಗುರುತು ಹಾಕುವ ರಟ್ಟನ್ನು ಬದಲಿಸಿ ಕೊಟ್ಟು, ಮೊದಲ ಪೀಸು ಅಳೆದು ನೋಡುವುದು ಸೂಪರ್‌ವೈಸರ್ ಕೆಲಸ. ನಾನು ತಲೆ ಬಗ್ಗಿಸಿ ಕಾಲರ್ ಕೂರಿಸುತ್ತಿದ್ದೆ. ಹಳೆಯ ರಟ್ಟಿನಲ್ಲೇ ಗುರುತು ಬಿದ್ದು, ಜೇಬುಗಳೆಲ್ಲ ಇರಬೇಕಾದ್ದಕ್ಕಿಂತ ಮೇಲೆ ಕೂತವು. ಲೈನಿನ ಕೊನೆಯಲ್ಲಿ ಚೆಕ್ಕಿಂಗಿನವಳು ಕೂಗಿಕೊಂಡಾಗ ಆಗಲೇ ಎಂಬತ್ತು ಶರ್ಟು ದಾಟಿದ್ದವು. ಅಷ್ಟೂ ಶರ್ಟಿನ ಜೇಬು ಬಿಚ್ಚಿ, ಸೂಜಿಯ ತೂತು ಕಾಣದಂತೆ ಉಜ್ಜಿ, ಮತ್ತೆ ಹೊಲಿಯಬೇಕಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಇನ್‌ಚಾರ್ಜ್ ಬೈದದ್ದು ನನಗೆ ನಾಟಲಿಲ್ಲ. ‘ನನ್ ಮಿಷಿನ್ ನನ್ಗೆ ವಾಪಸ್ ಕೊಟ್ಬುಡಿ ಸಾರ್’ ಎಂದು ಅವರಿಗೇ ಹೇಳಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಮಾತು ಬಾಯಿಂದ ಬಿದ್ದಾಗ ಖುಷಿಯೇ ಆಯಿತು. ಆದರೆ ಪಕ್ಕದಲ್ಲಿ ಜೇಬು ಬಿಚ್ಚುತ್ತಾ ಕೂತಿದ್ದ ಮಾಗಡಿಯವಳು ತಲೆ ಎತ್ತಿದಳು.

‘ಅಕ್ಕಾ, ನೀವೇ ಕುಂತ್ಕೊಂಬುಟ್ರೆ ನನ್ ಕೈ ಕುದುರೋದ್ಯಾವಾಗ? ನಾನ್ ಮತ್ತೆ ನೂಲ್ ಕತ್ತರ್ಸಕ್ಕೆ ಹೋಗ್ಬೇಕಾ?’

ಅವಳಿಗೆ ಕೊಟ್ಟ ತಿಂಗಳಿಗೆ ಇನ್ನು ಒಂಬತ್ತು ದಿನ ಉಳಿದಿತ್ತು. ಇನ್‌ಚಾರ್ಜ್ ಕಡೆ ತಿರುಗಿ, ‘ನಾನ್ ಕೇಳಿದ್ದು ಬುಡಿ ಸಾರ್, ಈ ಒಂಬತ್ತು ದಿನ ಇವಳ್ ಕೈ ನೋಡಿ’ ಎಂದೆ.

ಆ ದಿನಗಳಲ್ಲಿ ಅಳತೆಯ ಟೇಪನ್ನು ಎರಡೂ ಕೈಯಿಂದ ಹಿಡಿದುಕೊಂಡು ನಿಲ್ಲುತ್ತಿದ್ದೆ, ಕೈ ಮಿಷಿನ್ನಿಗೆ ಹೋಗದಿರಲಿ ಎಂದು. ‘ಎಳೀಬ್ಯಾಡ ಕಣವ್ವ. ಮಧ್ಯದ್ ಗುರ್ತಿಗೆ ಗುರ್ತು ಕೂಡ್ಸು, ಬಟ್ಟೆ ತಾನೇ ಹೋಯ್ತದೆ’ ಎನ್ನುತ್ತಿದ್ದೆ. ಅವಳು ಕೆಡಿಸುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಹೊಲಿಯುತ್ತಿದ್ದಳು. ಮೊದಲೆರಡು ದಿನ ಪೀಸು ಎಷ್ಟು ಇಳಿಯಿತೆಂದರೆ ಬೋರ್ಡು ನೋಡಲಾಗಲಿಲ್ಲ. ನಾನು ಉಳಿದ ಮಿಷಿನ್ನುಗಳ ನಡುವೆ ಅಡ್ಡಾಡಿದೆ. ತೋಳು ಕೂರಿಸುವವಳಿಗೆ ಸೊಂಟ ನೋವೆಂದು ಆಗಲೇ ಗೊತ್ತಾದದ್ದು, ಅಷ್ಟು ವರ್ಷ ಅವಳ ಬೆನ್ನ ಹಿಂದೆಯೇ ಕೂತಿದ್ದರೂ. ಒಂಬತ್ತನೆಯ ದಿನ ಮಾಗಡಿಯವಳ ಕಾಲರ್ ನನ್ನದರಷ್ಟು ಚೆನ್ನಾಗಿರಲಿಲ್ಲ, ಆದರೆ ಒಂದೂ ವಾಪಸು ಬರಲಿಲ್ಲ. ಅವಳನ್ನು ಟೈಲರ್ ಎಂದು ಬರೆದುಕೊಂಡರು.

ನಮ್ಮಲ್ಲಿ ಆಯುಧಪೂಜೆಯ ದಿನ ಅವರವರ ಮಿಷಿನ್ನಿಗೆ ಅವರವರೇ ಅರಿಶಿನ ಕುಂಕುಮ ಇಟ್ಟು, ಹೂವು ಮುಡಿಸಬೇಕು. ಹನ್ನೊಂದು ವರ್ಷದ ಅಭ್ಯಾಸ. ಆ ಬೆಳಗ್ಗೆಯೂ ಮನೆಯಿಂದ ಒಂದು ಮೊಳ ಸೇವಂತಿಗೆ ತಂದಿದ್ದೆ. ಫ್ಲೋರಿಗೆ ಬಂದ ಮೇಲೆ ಅದನ್ನು ಎಲ್ಲಿ ಇಡುವುದೆಂದೇ ತಿಳಿಯಲಿಲ್ಲ. ಮಾಗಡಿಯವಳು ಕುಂಕುಮದ ಬಟ್ಟಲು ಚಾಚಿದಳು.

‘ನೀವೇ ಇಕ್ಕಿ ಅಕ್ಕಾ. ನಿಮ್ ಮಿಷಿನ್ ತಾನೇ.’

ಇಕ್ಕಬೇಕೆಂದು ಎಷ್ಟು ಆಸೆಯಾಯಿತೆಂದರೆ ಬೆರಳು ಬಟ್ಟಲ ತನಕ ಹೋಯಿತು.

‘ನಿಂದು ಕಣವ್ವ, ನೀನೇ ಇಕ್ಕು’ ಎಂದು ಹೂವನ್ನು ಅವಳ ಕೈಗೆ ಕೊಟ್ಟೆ. ಅವಳು ಹೂವು ಮುಡಿಸಿ ಕಾಲರಿನವಳಾಗಿ ಕೂತಳು. ನಾನು ನನ್ನದೆನ್ನುವ ಮಿಷಿನ್ ಒಂದೂ ಇಲ್ಲದೆ, ಎಲ್ಲರ ಪೂಜೆಯೂ ಮುಗಿಯಲೆಂದು ನಡುವೆ ನಿಂತಿದ್ದೆ.