ಲಿಂಟಲ್ ಕೂರಲು ಬೇಕಾದ ಜಾಗ

ಆಗ ನಾನು ಗ್ಲೆಂಡೇಲ್‌ನ ಒಂದು ಸಣ್ಣ ಕಚೇರಿಯಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್ ಆಗಿದ್ದೆ. ವಾಲ್‌ನಟ್ ಎಂಬ ಊರಿನಲ್ಲಿದ್ದ ಧಾರವಾಡದ ಆಂಟಿಯೊಬ್ಬರು ಒಂದು ಶನಿವಾರ ಫೋನ್ ಮಾಡಿದರು.

"ಹೊಸಾ ಬಾಗಲಾ ಹಾಕ್ಸಿದ್ವಿ. ಈಗ ತಗೀಲಿಕ್ಕೇ ಬರವಲ್ದು. ಒಂಚೂರು ಬಂದು ನೋಡ್ತೀ ಏನವಾ?"

ಅವರ ಗಂಡನಿಗೆ ಸ್ನಾಯುಗಳು ಸೋತುಹೋಗುವ ಕಾಯಿಲೆ. ಕಾಲು ಹೋಗಿ, ಕೈ ಹೋಗಿ, ಮಾತೂ ನಿಧಾನವಾಗಿತ್ತು. ಊಟದ ಮೇಜು ತೆಗೆದು ಅಲ್ಲಿ ಗಾಲಿಯ ಮಂಚ ಹಾಕಿದ್ದರು. ಮಂಚವನ್ನೇ ಹಿತ್ತಲಿಗೆ ತಳ್ಳಿದರೆ ಅವರಿಗೆ ಗುಡ್ಡ ಕಾಣುತ್ತಿತ್ತು. ಅದಕ್ಕಾಗಿ ಹಿಂದಿನ ಗೋಡೆಯ ಒಂದು ಕಿಟಕಿಯನ್ನು ಒಡೆಸಿ, ಐದು ಅಡಿ ಅಗಲದ ಜೋಡಿ ಬಾಗಿಲು ಮಾಡಿಸಿದ್ದರು. ನಗರಸಭೆಯ ಪರ್ಮಿಟ್ ಬೇಡವೆಂದು ಕಂಟ್ರಾಕ್ಟರ್ ಹೇಳಿದ್ದನಂತೆ.

ಅಲ್ಲಿನ ಬಹುಪಾಲು ಮನೆಗಳು ಮರದ ಚೌಕಟ್ಟಿನವು. ಇದು ಹಳೆಯ ಕಾಂಕ್ರೀಟ್ ಬ್ಲಾಕಿನ ಮನೆ. ಮಾಡಿನ ಭಾರವೆಲ್ಲ ಆ ಗೋಡೆಯ ಮೇಲೆ. ಹೋಗಿ ನೋಡಿದರೆ ಬಾಗಿಲಿನ ಮೇಲ್ಚೌಕಟ್ಟು ನಡುವೆ ಜಗ್ಗಿ, ಎರಡೂ ಬಾಗಿಲುಗಳನ್ನು ಅದುಮಿ ಹಿಡಿದಿತ್ತು. ಬಲಮೂಲೆಯಿಂದ ಒಂದು ಬಿರುಕು ಓರೆಯಾಗಿ ಅದೇ ಗೋಡೆಯಲ್ಲಿದ್ದ ಅಡಿಗೆಕಟ್ಟೆಯ ಕಿಟಕಿಯವರೆಗೆ ಹೋಗಿತ್ತು.

ಮೇಲೆ ಎತ್ತರದ ಗೋಡೆ ಇದ್ದಿದ್ದರೆ ಅದು ತನ್ನ ಭಾರವನ್ನು ಕಮಾನಿನಂತೆ ಆಚೀಚೆ ಸರಿಸುತ್ತಿತ್ತು. ಇಲ್ಲಿ ಬಾಗಿಲಿನ ಮೇಲೆ ಇದ್ದದ್ದು ಎರಡೇ ವರಸೆ ಬ್ಲಾಕು, ಅದರ ಮೇಲೆ ನೇರವಾಗಿ ಮಾಡಿನ ತೊಲೆ. ಎರಡೂ ವರಸೆ ಸೇರಿಸಿ, ಕಂಬಿ ಇಟ್ಟು, ಕಾಂಕ್ರೀಟ್ ತುಂಬಿ ಭಾರ ಹೊರುವ ಹದಿನಾರು ಇಂಚು ಆಳದ ಲಿಂಟಲ್, ಅಂದರೆ ಅಡ್ಡತೊಲೆ, ಮಾಡಬೇಕಿತ್ತು. ಕಂಟ್ರಾಕ್ಟರ್ ಕೆಳಗಿನ ಎಂಟು ಇಂಚನ್ನಷ್ಟೇ ಲಿಂಟಲ್ ಮಾಡಿ, ಮೇಲೆ ಬರಿ ಬ್ಲಾಕು ಕೂರಿಸಿದ್ದ. ಎಡತುದಿ ಗೋಡೆಯ ಮೇಲೆ ಎಂಟು ಇಂಚು ಕೂತಿತ್ತು, ಅದು ಸರಿ. ಬಲತುದಿಗೆ ಸಿಕ್ಕಿದ್ದು ಎರಡೂವರೆ ಇಂಚು. ಬಾಗಿಲಿಗೂ ಕಿಟಕಿಗೂ ನಡುವೆ ಉಳಿದದ್ದೇ ಅರ್ಧ ಬ್ಲಾಕು, ಅದರ ಮೇಲೆ ಕಿಟಕಿಯ ಲಿಂಟಲ್ ಮೊದಲೇ ಕೂತಿತ್ತು. ಬ್ಲಾಕಿನ ಅಂಚು ಪುಡಿಯಾಗಿ ಬೆರಳಿಗೆ ಬರುತ್ತಿತ್ತು.

ಸಂಜೆಯೊಳಗೆ ಜನ ಕರೆಸಿ, ಒಳಗೂ ಹೊರಗೂ ಕಂಬ ಕೊಟ್ಟು ತೊಲೆಗೆ ಆಸರೆ ಮಾಡಿಸಿದೆ. ಗುಡ್ಡಕ್ಕೆ ಅಡ್ಡವಾಗಿ ಉಕ್ಕಿನ ಕಂಬಗಳು ನಿಂತವು. ಅಂಕಲ್ ಮಂಚದಿಂದ ನೋಡುತ್ತಲೇ ಇದ್ದರು.

ದಾರಿ ಎರಡಿತ್ತು. ಬಾಗಿಲನ್ನು ಕಿರಿದು ಮಾಡಿದರೆ ಅತ್ತ ಗೋಡೆ ಸಿಗುತ್ತದೆ, ಆದರೆ ಅಡಿಗೆಕಟ್ಟೆ ಅಡ್ಡ ಇರುವುದರಿಂದ ಮಂಚ ತಿರುಗುವುದಿಲ್ಲ. ಇಲ್ಲವೆ, ಕಿಟಕಿಯನ್ನು ಬ್ಲಾಕು, ಕಂಬಿ, ಕಾಂಕ್ರೀಟಿನಿಂದ ಪೂರ್ತಿ ಮುಚ್ಚಿ, ಹೊಸ ಲಿಂಟಲಿನ ತುದಿಯನ್ನು ಅದರ ಮೇಲೆ ಕೂರಿಸಬೇಕು. ನಡುವೆ ಉಕ್ಕಿನ ಕಂಬ ನಿಲ್ಲಿಸೋಣವೆಂದರೆ ಹೊಸ ಅಡಿಪಾಯ ಬೇಕು, ನೀರಿನ ಪೈಪು ಅಲ್ಲೇ ಹಾದುಹೋಗಿತ್ತು, ಅದನ್ನು ಸರಿಸಿ ಕಟ್ಟಲು ತಿಂಗಳುಗಳೇ ಬೇಕು. ಅಷ್ಟು ಕಾಲ ಅಂಕಲ್ ಬಳಿ ಇರಲಿಲ್ಲ. ಅದನ್ನು ಮಾತ್ರ ನಾನು ಹೇಳಲಿಲ್ಲ, ಅವರೇ ಹೇಳಿದರು.

"ಬಾಗಲಾ ಸಣ್ಣದ್ ಮಾಡ್ರಿ. ನಾ ಎಷ್ಟ್ ದಿನ ಇರಾಂವ? ಈಕಿ ದಿನಾ ಆ ಕಿಟಕೀ ಮುಂದ ನಿಂತಿರ್ತಾಳ."

"ನೀವ್ ಸುಮ್ನಿರ್ರಿ," ಎಂದರು ಆಂಟಿ. ನನ್ನತ್ತ ತಿರುಗಿ, "ಕಿಟಕೀನ ಮುಚ್ಚು. ನಾ ಲೈಟ್ ಹಚ್ಕೊಂಡ್ ಅಡಿಗಿ ಮಾಡ್ತೀನಿ."

ಅಂಕಲ್ ಮುಖ ಗೋಡೆಯ ಕಡೆಗಿತ್ತು. ತಾವಾಗಿ ಹೊರಳಿಸಲು ಆಗದೆ ಹಾಗೇ ಮಲಗಿದ್ದರು. ಅವರ ಕಣ್ಣೀರನ್ನು ಆಂಟಿ ಸೆರಗಿನಿಂದ ಒರೆಸಿದರು.

ನಕ್ಷೆ ಬರೆದು, ನಗರಸಭೆಯ ಒಪ್ಪಿಗೆ ತಂದು, ಕಿಟಕಿ ಮುಚ್ಚಿಸಿದೆ. ಹದಿನಾರು ಇಂಚಿನ ಲಿಂಟಲ್ ಬಂತು, ಎರಡೂ ಕಡೆ ಎಂಟೆಂಟು ಇಂಚು ಕೂತುಕೊಂಡಿತು. ಕಾಂಕ್ರೀಟ್ ಬಲಿತ ಮೇಲೆ ಕಂಬ ತೆಗೆಸಿದೆವು. ಬಾಗಿಲು ಒಂದೇ ಬೆರಳಿಗೆ ತೆರೆಯಿತು. ಆ ಚಳಿಗಾಲ ಮುಗಿಯುವವರೆಗೆ ಅಂಕಲ್ ಸಂಜೆಗಳನ್ನು ಹೊರಗೆ ಕಳೆದರು. ಒಳಗೆ ಆಂಟಿ ನಡುಹಗಲಲ್ಲೂ ಟ್ಯೂಬ್‌ಲೈಟಿನ ಕೆಳಗೆ ರೊಟ್ಟಿ ಬಡಿಯುತ್ತಿದ್ದರು.

ಅಂಕಲ್ ಹೋಗಿ ಕೆಲವು ತಿಂಗಳಾದ ಮೇಲೆ ನೋಡಲು ಹೋದೆ. ಆಂಟಿ ಚಹಾ ಕೊಟ್ಟು, ಬಣ್ಣ ಬಳಿದ ಆ ಗೋಡೆಯ ಮೇಲೆ ಅಂಗೈ ಇಟ್ಟರು.

"ಈಗ ಇದನ್ನ ತಗೀಲಿಕ್ಕೆ ಬರ್ತದೇನು? ಇಷ್ಟ, ಸಣ್ಣದೊಂದು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಬರಲ್ಲ ಆಂಟಿ. ಬಾಗಿಲ ಮೇಲಿನ ಲಿಂಟಲ್ ಕೂತಿರೋದೇ ಅದರ ಮೇಲೆ. ತೆಗೀಬೇಕಂದ್ರೆ ಮತ್ತೆ ಮಾಡಿಗೆ ಕಂಬ ಕೊಟ್ಟು, ಬಾಗಿಲನ್ನೇ ಕಿತ್ತು, ಮೊದಲಿಂದ ಮಾಡಬೇಕು."

"ಬಾಗಲಾ ಕೀಳೂದೇನ್ ಬ್ಯಾಡ," ಎಂದರು ಕೂಡಲೇ.

ಮರುವರ್ಷ ಆಂಟಿ ಮನೆ ಮಾರಿ ಸ್ಯಾನ್ ಡಿಯಾಗೋದಲ್ಲಿದ್ದ ತಂಗಿಯ ಮನೆಗೆ ಹೋದರು. ಕೊಂಡವರು ಬಾಗಿಲು ಚೆನ್ನಾಗಿದೆ, ಅಡಿಗೆಮನೆಯಲ್ಲಿ ಮಾತ್ರ ಕತ್ತಲೆ ಎಂದರಂತೆ. ಅದನ್ನು ಫೋನಿನಲ್ಲಿ ಹೇಳುವಾಗ ಆಂಟಿಯ ದನಿ ಒಡೆಯಿತು. ಅವರು ಅತ್ತು ಮುಗಿಸುವವರೆಗೆ ಫೋನ್ ಹಿಡಿದು ಕೂತಿದ್ದೆ.